ಸ್ವರ್ಗದಿಂದ ಮುಂದೆ, ತೋಟದಲ್ಲಿ: ತುರ್ತು ಕರೆಯ ರೆಕಾರ್ಡಿಂಗ್ ಕೇಳಿ ಘಟನಾ ವರದಿ ಬರೆಯುವ ಕ್ರಮ

"ಹಲೋ, ಅಪ್ಪಚ್ಚಿಗೆ ಕರೆಂಟು ಹೊಡದತ್ತು, ಬೇಗ ಬನ್ನಿ!"

"ಎಲ್ಲಿಂದ ಮಾತಾಡ್ತಿದ್ದೀರಿ?"

"ಸ್ವರ್ಗದಿಂದ ಮುಂದೆ, ತೋಟದಲ್ಲಿ."

ಕಾಸರಗೋಡಿನ ಉತ್ತರ ಭಾಗದವರಿಗೆ ಈ ಮೂರು ಸಾಲು ಸಾಕು, ಚಿತ್ರ ಕಣ್ಣ ಮುಂದೆ ಬರುತ್ತದೆ. ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಊರಿದೆ. ಅಪ್ಪಚ್ಚಿ ಎಂದರೆ ಹವ್ಯಕ ಮನೆಮಾತಿನಲ್ಲಿ ಚಿಕ್ಕಪ್ಪ. ಆದರೆ ಇದೇ ರೆಕಾರ್ಡಿಂಗ್ ತಿರುವನಂತಪುರದಲ್ಲೋ ಬೆಂಗಳೂರಿನಲ್ಲೋ ಕೂತವರ ಕಿವಿಗೆ ಬಿದ್ದರೆ? ಊರಿನ ಹೆಸರು ಊರಿನ ಹೆಸರಾಗಿಯೇ ಕೇಳುವುದಿಲ್ಲ. ಅದಕ್ಕೇ ಕರೆಯನ್ನು ವರದಿಯಾಗಿ ಬರೆಯುವ ಕೆಲಸ ನಮ್ಮ ಕಡೆ ಬರೀ ಸಾರಾಂಶದ ಕೆಲಸ ಅಲ್ಲ. ಕನ್ನಡ, ತುಳು, ಮಲಯಾಳ, ಹವ್ಯಕ ನಾಲ್ಕೂ ಒಂದೇ ಉಸಿರಿನಲ್ಲಿ ಬರುವ ಮಾತನ್ನು, ಆ ಊರೇ ಗೊತ್ತಿಲ್ಲದವರು ಓದಿದರೂ ದಾರಿ ತಪ್ಪದ ಹಾಗೆ ಇಳಿಸಬೇಕು.

ಇಲ್ಲಿ ಒಂದೇ ಕರೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸುತ್ತೇನೆ. ಯಾರ ಮನೆಯ ನೋವೂ ಹೊರಗೆ ಬರಬಾರದು ಎಂದು ಕರೆಯನ್ನು ನಾನೇ ಕಟ್ಟಿದ್ದೇನೆ. ಸ್ವರ್ಗ, ಪೆರ್ಲ ನಿಜವಾದ ಊರುಗಳು. ಮನೆ, ಜನ, ಹಾಲಿನ ಸೊಸೈಟಿ, ಗಡಿಯಾರದ ಲೆಕ್ಕ ಎಲ್ಲ ಕಲ್ಪನೆ. ಆದರೆ ಇದರಲ್ಲಿರುವ ಒಂದೊಂದು ತೊಡಕೂ ಇಂಥ ಕರೆಗಳಲ್ಲಿ ನಿಜವಾಗಿ ಬರುವಂಥದ್ದು.

ಸಂಗತಿ ಇಷ್ಟು. ಮಳೆಗಾಲ, ಅಡಿಕೆಗೆ ಮದ್ದು ಬಿಡುವ ಸಮಯ. ದೋಟಿ, ಅಂದರೆ ಸಿಂಪಡಿಸುವ ಉದ್ದದ ಕೋಲು, ಕರೆಂಟಿನ ತಂತಿಗೆ ತಾಗಿದೆ, ಒಬ್ಬರು ಬಿದ್ದಿದ್ದಾರೆ. ಮನೆಯ ಹುಡುಗಿ ಫೋನ್ ಮಾಡಿದ್ದಾಳೆ. ರೆಕಾರ್ಡಿಂಗ್ 8 ನಿಮಿಷ 20 ಸೆಕೆಂಡ್ ಇದೆ.

ಮೊದಲು ಕೇಳಿ, ಬರೆಯಬೇಡಿ

ಹೆಡ್‌ಫೋನ್ ಹಾಕಿ ಒಮ್ಮೆ ಪೂರ್ತಿ ಕೇಳಿ. ಪೆನ್ ಕೆಳಗಿಡಿ. ಮೊದಲ ನಿಮಿಷದಲ್ಲೇ ಬರೆಯಲು ಶುರು ಮಾಡಿದರೆ ಮೊದಲು ಕೇಳಿದ್ದೇ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ನಾಲ್ಕನೇ ನಿಮಿಷದಲ್ಲಿ ಕರೆದವರೇ ಅದನ್ನು ತಿದ್ದಿದರೂ ಕೈ ಹಳೆಯದನ್ನೇ ಬರೆಯುತ್ತದೆ. ಹೆದರಿದವರು ಮೊದಲು ಹೇಳುವುದು ಮನಸ್ಸಿನಲ್ಲಿ ಹತ್ತಿರ ಇರುವುದನ್ನು. ದಾರಿ, ಗುರುತು, ನಿಖರವಾದ ಮಾತು ಆಮೇಲೆ, ಕೇಳಿದಾಗ ಬರುತ್ತವೆ.

ಎರಡನೇ ಸಲ ಕೇಳುವಾಗ ಗಡಿಯಾರ ಕಟ್ಟಿಕೊಳ್ಳಿ. ರೆಕಾರ್ಡಿಂಗ್ ತೋರಿಸುವುದು 00:00, 01:05 ಎಂದು. ವರದಿ ಓದುವವರಿಗೆ ಬೇಕಾದದ್ದು ಬೆಳಿಗ್ಗೆ ಎಷ್ಟು ಗಂಟೆ ಎಂಬುದು. ಕರೆ ಎತ್ತಿದ ಹೊತ್ತು 10:42:15 ಎಂದಿದ್ದರೆ 01:05ಕ್ಕೆ ಕೇಳಿದ ಮಾತು 10:43:20ರದ್ದು. ಎರಡನ್ನೂ ಬರೆಯಿರಿ. ಗಂಟೆ ಓದುವವರಿಗೆ, ರೆಕಾರ್ಡಿಂಗಿನ ನಿಮಿಷ ಮುಂದೆ ಯಾರಾದರೂ ಕೇಳಿ ತಾಳೆ ನೋಡಬೇಕಾದಾಗ.

ಇಲ್ಲೇ ಒಂದು ಗಂಟು ಇದೆ. ಕರೆ ರೆಕಾರ್ಡ್ ಆಗುವ ಯಂತ್ರದ ಗಡಿಯಾರ ಬೇರೆ, ಗಾಡಿ ಕಳಿಸಿದ್ದನ್ನು ಬರೆಯುವ ಲಾಗಿನ ಗಡಿಯಾರ ಬೇರೆ ಇರಬಹುದು. ನಮ್ಮ ಈ ಕರೆಯಲ್ಲಿ ರೆಕಾರ್ಡಿಂಗ್ ಪ್ರಕಾರ ಕರೆ ಎತ್ತಿದ್ದು 10:42:15ಕ್ಕೆ, ಲಾಗ್ ಪ್ರಕಾರ 10:43:02ಕ್ಕೆ. 47 ಸೆಕೆಂಡ್ ವ್ಯತ್ಯಾಸ. ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಬೇಡಿ. ವ್ಯತ್ಯಾಸ ಇಷ್ಟಿದೆ ಎಂದು ವರದಿಯ ತಲೆಯಲ್ಲೇ ಬರೆದು, ಪ್ರತಿ ಸಮಯದ ಪಕ್ಕ ಅದು ಎಲ್ಲಿಂದ ಬಂತು ಎಂದು ಹಾಕಿ. ಹಾಗೆ ಮಾಡದಿದ್ದರೆ ಆಗದ ತಡ ಆದ ಹಾಗೆ ಕಾಣುತ್ತದೆ. ಆದ ತಡ ಮುಚ್ಚಿಹೋಗಲೂಬಹುದು.

ಮಾತನ್ನು ಮಾತಾಗಿಯೇ ಇಳಿಸಿ

ಇಡೀ ಕರೆಯನ್ನು ಅಕ್ಷರಕ್ಕೆ ಅಕ್ಷರ ಬರೆಯಬೇಕಾಗಿಲ್ಲ. ಜಾಗ, ಆದದ್ದು, ಮಾಡಿದ್ದು ಈ ಮೂರಕ್ಕೆ ಸೇರುವ ಮಾತುಗಳನ್ನು ಮಾತ್ರ ಟಿಪ್ಪಣಿಗೆ ಇಳಿಸಿ. ಆದರೆ ಇಳಿಸುವಾಗ ಅವರ ಮಾತಿನಲ್ಲೇ ಇಳಿಸಿ. ಅರ್ಥವನ್ನು ಪಕ್ಕದಲ್ಲಿ ಬರೆಯಿರಿ. ನಮ್ಮ ಕರೆಯ ಟಿಪ್ಪಣಿ ಹೀಗೆ ಕಾಣುತ್ತದೆ:

00:04, ಕರೆದವರು: "ಅಪ್ಪಚ್ಚಿಗೆ ಕರೆಂಟು ಹೊಡದತ್ತು."
00:14, ಕರೆದವರು: "ಸ್ವರ್ಗದಿಂದ ಮುಂದೆ, ತೋಟದಲ್ಲಿ." ಮುಂದೆ ಕೇಳಿದಾಗ "ಎಣ್ಮಕಜೆ ಪಂಚಾಯತ್."
00:48, ಕರೆದವರು: "ಮದ್ದು ಬಿಡ್ತಾ ಇದ್ದರು. ಫೈಬರ್ ದೋಟಿ."
01:05, ಹಿನ್ನೆಲೆ ಗಂಡು ದನಿ, ತುಳುವಿನಲ್ಲಿ: "ಮುಟ್ಟೊಡ್ಚಿ, ದೋಟಿ ವಯರ್‌ಡೇ ಉಂಡು." ಅಂದರೆ ಮುಟ್ಟಬೇಡಿ, ದೋಟಿ ಇನ್ನೂ ತಂತಿಯಲ್ಲೇ ಇದೆ.
01:20, ಸಹಾಯವಾಣಿ: ಯಾರೂ ಮುಟ್ಟಬೇಡಿ, ದೂರ ನಿಲ್ಲಿ. ಮೈನ್ ಸ್ವಿಚ್ ಎಲ್ಲಿದೆ? ಕರೆದವರು: "ಮನೆ ಲೈನ್ ಅಲ್ಲ, ರೋಡ್ ಲೈನ್."
02:05, ಸಹಾಯವಾಣಿ: "ಕರೆಂಟ್ ಆಫೀಸಿಗೆ ಹೇಳ್ತೇವೆ, ಆಂಬ್ಯುಲೆನ್ಸ್ ಕಳಿಸ್ತೇವೆ."
02:50, ಸಹಾಯವಾಣಿ, ಮಲಯಾಳದಲ್ಲಿ: "ಬೋಧಂ ಉಂಡೋ?" ಅಂದರೆ ಎಚ್ಚರ ಇದೆಯೇ. ಕರೆದವರು: "ಇಲ್ಲೆ. ಮಾತಾಡ್ತವಿಲ್ಲೆ."

01:05ರ ಸಾಲನ್ನು ನೋಡಿ. ಇಡೀ ಕರೆಯಲ್ಲಿ ಅತಿ ಮುಖ್ಯವಾದ ಮಾತು ಅದು. ಅದನ್ನು ಹೇಳಿದ್ದು ಫೋನ್ ಹಿಡಿದ ಹುಡುಗಿಯಲ್ಲ, ಹಿಂದೆ ನಿಂತು ಯಾರೋ ಕೂಗಿದ್ದು. ತುಳು ಬಾರದವರು ಟಿಪ್ಪಣಿ ಮಾಡಿದರೆ ಅಲ್ಲಿ "ಹಿನ್ನೆಲೆ ಗದ್ದಲ" ಎಂದು ಬರೆದುಬಿಡುತ್ತಾರೆ. ಗದ್ದಲ ಎನಿಸಿದ ಜಾಗಗಳಿಗೇ ಮತ್ತೆ ಹೋಗಿ, ದನಿ ಏರಿಸಿ ಕೇಳಿ. ನಿಮಗೆ ಆ ಭಾಷೆ ಬಾರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು ಅರ್ಥ ಹೇಳಿದರು ಎಂದೂ ಬರೆದಿಡಿ.

02:50ರ ಸಾಲೂ ಹಾಗೆಯೇ. "ಇಲ್ಲೆ" ಎಂಬ ಉತ್ತರ ಒಂಟಿಯಾಗಿ ನಿಂತರೆ ಏನೂ ಹೇಳುವುದಿಲ್ಲ. ಪ್ರಶ್ನೆ ಎಚ್ಚರದ ಬಗ್ಗೆ ಇತ್ತು, ಉಸಿರಿನ ಬಗ್ಗೆ ಅಲ್ಲ. ಪ್ರಶ್ನೆ ಬಿಟ್ಟು ಉತ್ತರ ಮಾತ್ರ ಬರೆದುಕೊಂಡವರು ಆಮೇಲೆ "ಉಸಿರಿಲ್ಲ" ಎಂದು ಬರೆದದ್ದನ್ನು ನಾನು ನೋಡಿದ್ದೇನೆ. ಹೌದು, ಇಲ್ಲ ಎಂಬ ಉತ್ತರ ಬಂದ ಕಡೆಯೆಲ್ಲ ಪ್ರಶ್ನೆಯನ್ನೂ ಜೊತೆಗೆ ಇಡಿ.

ಕೇಳದೇ ಹೋದ ಮಾತಿಗೆ "ಅಸ್ಪಷ್ಟ" ಎಂದು ಬರೆದು ನಿಮಿಷ ಹಾಕಿ ಬಿಡಿ. ತುಂಬಿಸಲು ಹೋಗಬೇಡಿ.

ಜಾಗ: ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕೊಡಿ

ನಮ್ಮ ಕಡೆ ಮನೆಗೆ ರಸ್ತೆ ಹೆಸರು, ಕ್ರಾಸ್ ನಂಬರು ಇರುವುದಿಲ್ಲ. ಮನೆಯ ಹೆಸರೇ ವಿಳಾಸ. ಅದೇ ಹೆಸರು ಆಚೆ ಊರಲ್ಲೂ ಇರುತ್ತದೆ. ಅಡ್ಕ, ಮೂಲೆ, ಪದವು, ಕಟ್ಟೆ ಎಂದು ಮುಗಿಯುವ ಜಾಗಗಳನ್ನು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಣಿಸಿ ಮುಗಿಸುವುದಕ್ಕಿಲ್ಲ. ಹಾಗಾಗಿ ಜಾಗವನ್ನು ಹೊರಗಿನಿಂದ ಒಳಗೆ ಬರೆಯಿರಿ: ಜಿಲ್ಲೆ, ತಾಲೂಕು, ಪಂಚಾಯತ್, ಊರು, ಮುಖ್ಯ ರಸ್ತೆ, ಗುರುತು, ತಿರುವು, ಮನೆ. ಗೊತ್ತಿಲ್ಲದ ಹಂತವನ್ನು ಖಾಲಿ ಬಿಡಬೇಡಿ. "ಕರೆಯಲ್ಲಿ ಹೇಳಿಲ್ಲ" ಎಂದು ಬರೆಯಿರಿ. ಖಾಲಿ ಜಾಗ ಕಂಡರೆ ಓದುವವರಿಗೆ ಯಾರೋ ಬರೆಯಲು ಮರೆತರೋ, ಯಾರೂ ಕೇಳಲಿಲ್ಲವೋ ತಿಳಿಯುವುದಿಲ್ಲ.

ರಾಜ್ಯದ ಹೆಸರನ್ನೂ ಬರೆಯಿರಿ. ಇದು ಅತಿ ಎನಿಸಬಹುದು, ಅಲ್ಲ. ಸ್ವರ್ಗದಿಂದ ಸ್ವಲ್ಪ ಹೋದರೆ ಪುತ್ತೂರು ತಾಲೂಕಿನ ಆರ್ಲಪದವು. ಗಡಿಯ ಊರುಗಳಲ್ಲಿ ಫೋನ್ ಆಚೆ ಕಡೆಯ ಟವರ್ ಹಿಡಿಯುವುದು ಮಾಮೂಲು. ಹಾಗೆ ಹಿಡಿದಾಗ 112ಕ್ಕೆ ಮಾಡಿದ ಕರೆ ಕರ್ನಾಟಕದ ಕಡೆ ಹೋಗಿ, ಅಲ್ಲಿಂದ ಈ ಕಡೆಗೆ ದಾಟಿ ಬರಬಹುದು. ಆಗ ಎರಡು ರಾಜ್ಯಗಳ ಕಾಗದದಲ್ಲಿ ಒಂದೇ ಘಟನೆ ಇರುತ್ತದೆ. ಟವರ್ ಕರ್ನಾಟಕದ್ದು ಎಂದ ಮಾತ್ರಕ್ಕೆ ಘಟನೆ ಕರ್ನಾಟಕದ್ದಲ್ಲ. ಕರೆ ಎಲ್ಲಿಂದ ದಾಟಿ ಬಂತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಹೆಸರಿನ ಗೊಂದಲಕ್ಕೆ ಹೊಸದುರ್ಗಕ್ಕಿಂತ ಒಳ್ಳೆ ಉದಾಹರಣೆ ಬೇಡ. ಕಾಸರಗೋಡು ಜಿಲ್ಲೆಯಲ್ಲಿ ತಾಲೂಕಿನ ಹೆಸರು ಹೊಸದುರ್ಗ, ಪೇಟೆಯನ್ನು ಎಲ್ಲರೂ ಕರೆಯುವುದು ಕಾಞಂಗಾಡ್ ಎಂದು. ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಂದು ಹೊಸದುರ್ಗ ಇದೆ. ವರದಿಯಲ್ಲಿ ಬರೀ "ಹೊಸದುರ್ಗ" ಎಂದು ಬರೆದರೆ ಕರ್ನಾಟಕದ ಕಡೆ ಓದುವವರ ಮನಸ್ಸು ನೇರ ಚಿತ್ರದುರ್ಗಕ್ಕೆ ಹೋಗುತ್ತದೆ. ಮಂಜೇಶ್ವರ ಸರಕಾರಿ ಕಾಗದದಲ್ಲಿ ಮಂಜೇಶ್ವರಂ ಆಗುತ್ತದೆ. ಕರೆದವರು ಹೇಳಿದ ಹೆಸರನ್ನು ಮೊದಲು ಬರೆದು, ಸರಕಾರಿ ಹೆಸರನ್ನು ಪಕ್ಕದಲ್ಲಿ ಇಡಿ. ಸ್ವರ್ಗದಂಥ ಹೆಸರಿಗೆ "ಸ್ವರ್ಗ ಎಂಬ ಊರು" ಎಂದೇ ಬರೆಯಿರಿ. ಬೇರೆ ಭಾಷೆಗೆ ವರದಿ ತಿರುಗಿಸುವವರು ಅದರ ಅರ್ಥವನ್ನು ತಿರುಗಿಸಿ ಇಡಬಾರದು.

ವಾರ್ಡ್ ನಂಬರು ಹೇಳಿದರೆ ಅದನ್ನು ನಂಬಿ ಕೂರಬೇಡಿ. 2025ರ ಪಂಚಾಯತ್ ಚುನಾವಣೆಗೆ ಮೊದಲು ಕೇರಳದಲ್ಲಿ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದರು. ಜನರ ಬಾಯಲ್ಲಿ, ಗೋಡೆಯ ಫಲಕದಲ್ಲಿ ಹಳೆಯ ನಂಬರೇ ಇರಬಹುದು. "ಕರೆದವರು ಹೇಳಿದ ವಾರ್ಡ್" ಎಂದು ಬರೆಯಿರಿ.

ಇನ್ನು ಎಡ, ಬಲ. ಇದನ್ನು ನಾನು ತಪ್ಪಿ ಕಲಿತದ್ದು. ಒಂದು ಕರೆಯಲ್ಲಿ "ದೇವಸ್ಥಾನ ಕಳೆದು ಎಡಕ್ಕೆ" ಎಂದಿದ್ದರು, ನಾನೂ ಹಾಗೇ ಬರೆದೆ. ಮೊದಲ ಗಾಡಿ ಸರಿಯಾಗಿ ಹೋಯಿತು. ಎರಡನೆಯದು ಬಂದದ್ದು ಎದುರು ದಿಕ್ಕಿನಿಂದ. ನಾನು ಬರೆದದ್ದನ್ನು ಹಿಡಿದು ಎಡಕ್ಕೇ ತಿರುಗಿದ ಅದು ಮಳೆಯಲ್ಲಿ ಇನ್ನೊಂದು ತೋಟದ ದಾರಿಯಲ್ಲಿ ಇಳಿದು ನಿಂತಿತು. ಅಲ್ಲಿಂದ ಹಿಂದೆ ತೆಗೆಯಲು ಆದ ಹೊತ್ತನ್ನು ನಾನು ಇವತ್ತಿಗೂ ಮರೆತಿಲ್ಲ. ಎಲ್ಲಿಂದ ಬರುವಾಗ ಎಡ ಎಂದು ಬರೆಯದ ಎಡಕ್ಕೆ ಅರ್ಥವೇ ಇಲ್ಲ. ನಮ್ಮ ಕರೆಯಲ್ಲಿ 03:40ಕ್ಕೆ ಹುಡುಗಿ "ಹಾಲಿನ ಸೊಸೈಟಿ ಎದುರು ಇಳಿಜಾರು ರಸ್ತೆ, ಎಡಕ್ಕೆ, ಕೆಳಗಿನ ಮನೆ" ಎನ್ನುತ್ತಾಳೆ. ಸಹಾಯವಾಣಿಯವರು "ಎಲ್ಲಿಂದ ಬರುವಾಗ ಎಡ?" ಎಂದು ಕೇಳಿದ್ದಾರೆ. "ಪೆರ್ಲದಿಂದ ಬರುವಾಗ" ಎಂಬ ಉತ್ತರ ಬಂದಿದೆ. ಕೇಳದೇ ಬಿಟ್ಟಿದ್ದರೆ ವರದಿಯಲ್ಲಿ "ಎಡಕ್ಕೆ (ಯಾವ ದಿಕ್ಕಿನಿಂದ ಎಂದು ಕೇಳಿಲ್ಲ)" ಎಂದು ಬರೆಯಬೇಕಿತ್ತು.

"ಕೆಳಗಿನ ಮನೆ" ಕೂಡ ಹಾಗೇ. ಅದು ಇಳಿಜಾರಿನಲ್ಲಿ ಕೆಳಗಿರುವ ಮನೆಯೋ, ಕುಟುಂಬದವರು ಹಾಗೆ ಕರೆಯುವ ಮನೆಯೋ? ಗೊತ್ತಿಲ್ಲ ಎಂದಾದರೆ ಅವರ ಮಾತನ್ನು ಉದ್ಧರಣೆಯಲ್ಲಿ ಹಾಗೇ ಇಡಿ.

ಫೋನ್ ತಾನೇ ಕಳಿಸಿದ ಅಕ್ಷಾಂಶ ರೇಖಾಂಶ ಇದ್ದರೆ ಅದನ್ನೂ ಸೇರಿಸಿ. ಎಷ್ಟು ಅಂಕೆ ಇದೆ ನೋಡಿ. ದಶಾಂಶದ ಆಚೆ ನಾಲ್ಕು ಅಂಕೆ ಇದ್ದರೆ ಸುಮಾರು 11 ಮೀಟರ್ ಒಳಗಿನ ಗುರುತು, ಎರಡೇ ಅಂಕೆ ಇದ್ದರೆ ಕಿಲೋಮೀಟರಿಗೂ ಮೇಲೆ ಆಚೀಚೆ ಆಗಬಹುದು. ಅಂಕೆ ಜಾಸ್ತಿ ಇದ್ದ ಮಾತ್ರಕ್ಕೆ ಸರಿ ಎಂದೂ ಅಲ್ಲ. ಟವರ್ ಲೆಕ್ಕದಿಂದ ಬಂದ ಗುರುತು ಕಿಲೋಮೀಟರುಗಟ್ಟಲೆ ತಪ್ಪಿರಬಹುದು. ಹಾಗಾಗಿ ಅದು ಫೋನಿನ ಜಿಪಿಎಸ್‌ನದ್ದೋ ಟವರಿನದ್ದೋ ಎಂದು ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಮೊದಲ ಸಂಖ್ಯೆ 12ರ ಆಸುಪಾಸು, ಎರಡನೆಯದು 75ರ ಆಸುಪಾಸು. ತಿರುಗಾಮುರುಗ ಆಗಿದ್ದರೆ ಕೂಡಲೇ ಕಾಣುತ್ತದೆ.

ಏನಾಯಿತು: ಕೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ

ವಿದ್ಯುತ್ ಅಪಘಾತದ ವರದಿ ಆ ದಿನಕ್ಕೇ ಮುಗಿಯುವುದಿಲ್ಲ. ಪೊಲೀಸರು ಓದುತ್ತಾರೆ, ವಿದ್ಯುತ್ ಪರಿವೀಕ್ಷಕರು ಓದುತ್ತಾರೆ. ವಿದ್ಯುತ್ ಕಾಯಿದೆ 2003ರಲ್ಲಿ ಇಂಥ ಅಪಘಾತದ ವಿಚಾರಣೆಗೆ ಅವಕಾಶ ಇದೆ. ಪರಿಹಾರದ ಅರ್ಜಿಯಲ್ಲೂ ಈ ಕಾಗದ ಬಂದು ಕೂರಬಹುದು. ನೀವು ಊಹೆಯಿಂದ ಬರೆದ ಒಂದು ಶಬ್ದ ಆ ಮನೆಯವರ ಕೈ ಕಟ್ಟಬಹುದು.

ಆದ್ದರಿಂದ "11 ಕೆ.ವಿ. ತಂತಿ" ಎಂದು ಬರೆಯಬೇಡಿ. ಹುಡುಗಿ ಹೇಳಿದ್ದು "ರೋಡ್ ಲೈನ್". ಅದು ಮನೆಗಳಿಗೆ ಕೊಡುವ ಕಡಿಮೆ ವೋಲ್ಟೇಜಿನ ತಂತಿಯೂ ಆಗಿರಬಹುದು, ದೊಡ್ಡ ಲೈನೂ ಆಗಿರಬಹುದು. ಕರೆಯಲ್ಲಿ ಗೊತ್ತಾಗಿದ್ದು ಮನೆಯ ಒಳಗಿನ ಸಂಪರ್ಕ ಅಲ್ಲ ಎಂಬುದು ಮಾತ್ರ. "ಅಜಾಗರೂಕತೆಯಿಂದ" ಎಂಬ ಶಬ್ದ ಬೇಡವೇ ಬೇಡ. "ತಂತಿ ಜೋತಾಡುತ್ತಿತ್ತು" ಎಂದೂ ಬೇಡ, ಯಾರಾದರೂ ಹೇಳಿದ್ದರೆ ಮಾತ್ರ ಬರೆಯಿರಿ.

"ಫೈಬರ್ ದೋಟಿ" ಎಂಬ ಅವಳ ಶಬ್ದ ಹಾಗೇ ಇರಲಿ. ಇದಕ್ಕೆ ಕಾರಣ ಇದೆ. ಫೈಬರ್ ಎಂದ ಕೂಡಲೇ ಕರೆಂಟು ಹರಿಯುವುದಿಲ್ಲ ಎಂದು ತುಂಬ ಜನ ನಂಬಿದ್ದಾರೆ. ಈಗ ತೋಟಗಳಲ್ಲಿ ಬಳಸುವ ಹಗುರದ ಉದ್ದ ದೋಟಿಗಳು ಹಲವು ಕಾರ್ಬನ್ ಫೈಬರಿನವು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಆದರೆ ಇದು ಯಾವ ಫೈಬರ್ ಎಂದು ಅವಳು ಹೇಳಿಲ್ಲ. ನೀವು "ಕಾರ್ಬನ್" ಸೇರಿಸಿದರೂ ತಪ್ಪು, "ಫೈಬರ್" ತೆಗೆದು ಬರೀ "ಕೋಲು" ಎಂದರೂ ತಪ್ಪು.

"ಮದ್ದು" ಎಂಬ ಶಬ್ದಕ್ಕೂ ಒಂದು ಮಾತು ಹೇಳಬೇಕು. ನಮಗೆ ಮದ್ದು ಬಿಡುವುದು ಎಂದರೆ ಅಡಿಕೆ ಕೊಳೆರೋಗಕ್ಕೆ ಸಿಂಪಡಿಸುವುದು. ಘಟ್ಟದ ಮೇಲಿನವರಿಗೆ ಮದ್ದು ಎಂದರೆ ಔಷಧಿ, ಇಲ್ಲವೇ ಸಿಡಿಮದ್ದು. ವರದಿಯಲ್ಲಿ "ಮದ್ದು ಬಿಡುವಾಗ ಬಿದ್ದರು" ಎಂದು ಕಂಡರೆ ಆಸ್ಪತ್ರೆಯವರು ವಿಷ ಸೇರಿದೆ ಎಂದುಕೊಂಡು ಆ ದಾರಿ ಹಿಡಿಯಬಹುದು. "ಅಡಿಕೆ ತೋಟದಲ್ಲಿ ಸಿಂಪಡಣೆ ಮಾಡುತ್ತಿದ್ದರು (ಕರೆದವರ ಮಾತು: ಮದ್ದು ಬಿಡ್ತಾ ಇದ್ದರು). ಯಾವ ದ್ರಾವಣ ಎಂದು ಹೇಳಿಲ್ಲ" ಎಂದು ಬರೆದರೆ ಸಾಕು.

ಬಿದ್ದವರ ವಯಸ್ಸು ಕರೆಯಲ್ಲಿ ಇಲ್ಲ. ಚಿಕ್ಕಪ್ಪ ಎಂದ ಮಾತ್ರಕ್ಕೆ ನಡುವಯಸ್ಸಿನವರು ಎಂದು ಬರೆಯಬೇಡಿ.

ಕೊನೆಯದು, ಅತಿ ಸೂಕ್ಷ್ಮವಾದದ್ದು. ಕರೆಯ 07:30ಕ್ಕೆ ಹುಡುಗಿ ಅಳುತ್ತ "ಗೊರಗೊರ ಅಂತ ಉಸಿರು ಎಳೆದರು!" ಎನ್ನುತ್ತಾಳೆ. ಎಲ್ಲರಿಗೂ ಸಮಾಧಾನ ಆಗುವ ಮಾತು. ಕೈ ತಾನಾಗಿ "ಉಸಿರಾಟ ಮರಳಿತು" ಎಂದು ಬರೆಯಲು ಹೋಗುತ್ತದೆ. ಬರೆಯಬೇಡಿ. ಹೃದಯ ನಿಂತವರೂ ಆಗೊಮ್ಮೆ ಈಗೊಮ್ಮೆ ಹೀಗೆ ಗೊರಕೆಯಂತೆ ಉಸಿರು ಎಳೆಯುತ್ತಾರೆ. ಅದು ಸರಿಯಾದ ಉಸಿರಾಟ ಅಲ್ಲ, ಎದೆ ಒತ್ತುವುದನ್ನು ನಿಲ್ಲಿಸಬಾರದು. ಸಹಾಯವಾಣಿಯವರು "ನಿಲ್ಲಿಸಬೇಡಿ, ಒತ್ತುತ್ತಾ ಇರಿ" ಎಂದೇ ಹೇಳಿದ್ದಾರೆ. ವರದಿಯಲ್ಲಿ ಅವಳ ಮಾತು, ಅದಕ್ಕೆ ಕೊಟ್ಟ ಉತ್ತರ ಎರಡೂ ಇದ್ದರೆ ವೈದ್ಯರಿಗೆ ಏನು ನಡೆಯಿತು ಎಂದು ಸರಿಯಾಗಿ ಗೊತ್ತಾಗುತ್ತದೆ. "ಉಸಿರಾಟ ಮರಳಿತು" ಎಂದಿದ್ದರೆ ಹೃದಯ ಎಷ್ಟು ಹೊತ್ತು ನಿಂತಿತ್ತು ಎಂಬ ಅವರ ಲೆಕ್ಕವೇ ತಪ್ಪುತ್ತದೆ.

ಏನು ಮಾಡಿದರು: ಹೇಳಿದ್ದು, ಮಾಡಿದ್ದು, ಆದದ್ದು

ವರದಿಗಳು ಅತಿ ಹೆಚ್ಚು ಕೆಡುವುದು ಈ ಭಾಗದಲ್ಲಿ. 02:05ಕ್ಕೆ "ಆಂಬ್ಯುಲೆನ್ಸ್ ಕಳಿಸ್ತೇವೆ" ಎಂದಿದ್ದಾರೆ. ಬರೆಯುವವರು ಅದನ್ನು ಕೇಳಿ "10:44:20ಕ್ಕೆ ಆಂಬ್ಯುಲೆನ್ಸ್ ಕಳಿಸಲಾಯಿತು" ಎಂದು ಬರೆಯುತ್ತಾರೆ. ಕಳಿಸುತ್ತೇವೆ ಎಂದದ್ದು ಒಂದು. ಚಾಲಕನಿಗೆ ಫೋನ್ ಹೋದದ್ದು ಇನ್ನೊಂದು. ಗಾಡಿ ಹೊರಟದ್ದು, ತಲುಪಿದ್ದು ಮತ್ತೆ ಬೇರೆ. ರೆಕಾರ್ಡಿಂಗಿನಲ್ಲಿ ಇರುವುದು ಮೊದಲನೆಯದು ಮಾತ್ರ. ಉಳಿದದ್ದು ಲಾಗಿನಲ್ಲಿ ಸಿಗಬೇಕು. ಲಾಗಿನಲ್ಲೂ ಇಲ್ಲದಿದ್ದರೆ "ದಾಖಲೆ ಇಲ್ಲ" ಎಂದು ಬರೆಯಬೇಕು.

"ಕಳಿಸಲಾಯಿತು", "ತಿಳಿಸಲಾಯಿತು" ಎಂಬ ಶಬ್ದಗಳನ್ನೇ ಬಿಟ್ಟುಬಿಡಿ ಎನ್ನುತ್ತೇನೆ ನಾನು. ಯಾರು ಎಂಬುದು ಅವುಗಳಲ್ಲಿ ಮಾಯವಾಗುತ್ತದೆ. "ಸಹಾಯವಾಣಿಯವರು ವಿದ್ಯುತ್ ಸೆಕ್ಷನ್ ಕಚೇರಿಗೆ ಫೋನ್ ಮಾಡಿದರು" ಎಂದು ನೇರವಾಗಿ ಬರೆದರೆ ಯಾರನ್ನು ಕೇಳಬೇಕು ಎಂದು ಓದುವವರಿಗೆ ತಿಳಿಯುತ್ತದೆ.

ನಮ್ಮ ಕರೆಯ ನಡುವಿನ ಭಾಗವನ್ನು ಹತ್ತಿರದಿಂದ ನೋಡೋಣ. 04:30ಕ್ಕೆ ಹುಡುಗಿ "ಕರೆಂಟು ಹೋಯ್ತು, ಫ್ಯಾನ್ ನಿಂತಿತು" ಎನ್ನುತ್ತಾಳೆ. ಮನೆಯ ಫ್ಯಾನ್ ನಿಂತರೆ ತೋಟದ ಮೇಲಿನ ತಂತಿಯಲ್ಲಿ ಕರೆಂಟು ಇಲ್ಲ ಎಂದು ಅರ್ಥವಲ್ಲ. ಸಹಾಯವಾಣಿಯವರು "ನಾವು ಹೇಳುವ ತನಕ ಮುಟ್ಟಬೇಡಿ" ಎಂದಿದ್ದಾರೆ. 05:02ಕ್ಕೆ ಕಂಟ್ರೋಲ್ ರೂಮಿನ ಒಳಗೇ ಇನ್ನೊಬ್ಬರು ಮಲಯಾಳದಲ್ಲಿ "ಲೈನ್ ಆಫಾಕ್ಕಿ" ಎನ್ನುವುದು ಕೇಳುತ್ತದೆ. ಲೈನ್ ಆಫ್ ಮಾಡಿದರು ಎಂದು. ಅದಾದ ಮೇಲೆಯೇ ಹುಡುಗಿಗೆ ಹತ್ತಿರ ಹೋಗಲು ಹೇಳಿದ್ದಾರೆ. ಈ ಎರಡು ಹೊತ್ತಿನ ನಡುವೆ ಇರುವುದು 32 ಸೆಕೆಂಡ್. ವರದಿಯಲ್ಲಿ "ಕರೆಂಟು ಹೋದ ಮೇಲೆ ಚಿಕಿತ್ಸೆ ಶುರು ಮಾಡಿದರು" ಎಂದು ಒಂದೇ ಸಾಲು ಬರೆದರೆ, ಫ್ಯಾನ್ ನೋಡಿ ಹೋದರೋ ಸೆಕ್ಷನ್ ಕಚೇರಿಯ ಮಾತು ಕೇಳಿ ಹೋದರೋ ತಿಳಿಯುವುದೇ ಇಲ್ಲ.

06:10ಕ್ಕೆ ಹಿನ್ನೆಲೆಯ ಗಂಡಸು ಎದೆ ಒತ್ತಲು ಶುರು ಮಾಡುತ್ತಾರೆ. ಸಹಾಯವಾಣಿಯವರು ಎಣಿಸುತ್ತಿದ್ದಾರೆ. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಎಂಬುದು ಕ್ರಮ. ವರದಿಗೆ ಬೇಕಾದದ್ದು ಮೂರೇ: ಯಾವಾಗ ಹೇಳಿದರು, ಯಾವಾಗ ಶುರುವಾಯಿತು, ಯಾವಾಗ ನಿಂತಿತು. ನಿಂತದ್ದು ಗೊತ್ತಿಲ್ಲ. ಒತ್ತುತ್ತಿರುವಾಗಲೇ ಕರೆ ಕಡಿದಿದೆ. ಅದನ್ನೂ ಬರೆಯಿರಿ.

ಈಗ ವರದಿ

ಇಷ್ಟೆಲ್ಲ ಆದ ಮೇಲೆ ಬರೆಯುವುದು ಒಂದು ಪುಟ ಮೀರುವುದಿಲ್ಲ. ಓದುವವರು ಮೊದಲ ಮೂರು ಸಾಲಿನಲ್ಲೇ ಮುಖ್ಯವಾದದ್ದನ್ನು ತಿಳಿಯುವ ಹಾಗಿರಲಿ.

ಸಾರ: ಕಾಸರಗೋಡು ಜಿಲ್ಲೆ (ಕೇರಳ), ಎಣ್ಮಕಜೆ ಪಂಚಾಯತ್, ಸ್ವರ್ಗ ಎಂಬ ಊರಿನ ಹತ್ತಿರ ಅಡಿಕೆ ತೋಟದಲ್ಲಿ ದೋಟಿ ವಿದ್ಯುತ್ ತಂತಿಗೆ ತಾಗಿ ಒಬ್ಬರು ಬಿದ್ದಿದ್ದಾರೆ ಎಂದು ಕರೆ. ಎಚ್ಚರ ಇಲ್ಲ ಎಂದು ಕರೆದವರ ಮಾತು. ಲೈನ್ ಆಫ್ ಆದ ಮೇಲೆ ಸ್ಥಳದಲ್ಲಿದ್ದವರು ಎದೆ ಒತ್ತಿದರು.

ಸಮಯ: ಕರೆ ಸ್ವೀಕಾರ 10:42:15 (ರೆಕಾರ್ಡಿಂಗ್), 10:43:02 (ಲಾಗ್). ಲಾಗಿನ ಗಡಿಯಾರ 47 ಸೆಕೆಂಡ್ ಮುಂದಿದೆ. ತಿದ್ದಿಲ್ಲ. ಕರೆ ಕಡಿದದ್ದು 10:50:35 (ರೆಕಾರ್ಡಿಂಗ್ 08:20).

ಜಾಗ: ತಾಲೂಕು ಮಂಜೇಶ್ವರ. ಪೆರ್ಲದಿಂದ ಬರುವಾಗ ಸ್ವರ್ಗ ಕಳೆದು ಹಾಲಿನ ಸೊಸೈಟಿ ಎದುರು ಎಡಕ್ಕೆ ಇಳಿಜಾರು ರಸ್ತೆ, "ಕೆಳಗಿನ ಮನೆ" (03:40). ವಾರ್ಡ್, ಮನೆಯ ಹೆಸರು, ಕಂಬದ ನಂಬರು: ಕರೆಯಲ್ಲಿ ಹೇಳಿಲ್ಲ. ತಾಲೂಕಿನ ಹೆಸರು ಪಂಚಾಯತಿನಿಂದ ತಿಳಿದದ್ದು, ಕರೆದವರು ಹೇಳಿದ್ದಲ್ಲ.

ಏನಾಯಿತು: ಸಿಂಪಡಣೆ ಮಾಡುತ್ತಿದ್ದಾಗ "ಫೈಬರ್ ದೋಟಿ" ತಂತಿಗೆ ತಾಗಿತು. 01:05ಕ್ಕೆ ದೋಟಿ ಇನ್ನೂ ತಂತಿಯಲ್ಲಿತ್ತು (ಹಿನ್ನೆಲೆ ದನಿ, ತುಳು). ತಂತಿ ಮನೆಯದ್ದಲ್ಲ, "ರೋಡ್ ಲೈನ್". ವೋಲ್ಟೇಜ್ ಗೊತ್ತಿಲ್ಲ. ಬಿದ್ದವರು ಕರೆದವರ ಚಿಕ್ಕಪ್ಪ, ವಯಸ್ಸು ಹೇಳಿಲ್ಲ. 07:30ಕ್ಕೆ "ಗೊರಗೊರ ಅಂತ ಉಸಿರು ಎಳೆದರು" ಎಂದು ಕರೆದವರ ಮಾತು.

ಕ್ರಮ, ರೆಕಾರ್ಡಿಂಗ್ ಪ್ರಕಾರ: 10:43:35 ಮುಟ್ಟಬೇಡಿ ಎಂದು ಹೇಳಿದರು. 10:47:17 ಲೈನ್ ಆಫ್ ಆಯಿತು ಎಂಬ ಮಾತು ಕಂಟ್ರೋಲ್ ರೂಮಿನಲ್ಲಿ ಕೇಳಿತು. 10:48:25 ಎದೆ ಒತ್ತಲು ಶುರು. 10:49:45ರ ನಂತರ ನಿಲ್ಲಿಸಬೇಡಿ ಎಂದು ಹೇಳಿದರು.

ಕ್ರಮ, ಲಾಗ್ ಪ್ರಕಾರ: 10:45:40 ಆಂಬ್ಯುಲೆನ್ಸಿಗೆ ಹೇಳಿದರು, ಜಾಗ "ಸ್ವರ್ಗ" ಎಂದಷ್ಟೇ. 10:46:05 ವಿದ್ಯುತ್ ಸೆಕ್ಷನ್ ಕಚೇರಿಗೆ ಫೋನ್. 10:46:30 ಅಗ್ನಿಶಾಮಕ ದಳಕ್ಕೆ ಫೋನ್. 10:47:10 ಸೊಸೈಟಿಯ ಗುರುತನ್ನು ಆಂಬ್ಯುಲೆನ್ಸಿಗೆ ತಿಳಿಸಿದರು. 11:08 ಆಂಬ್ಯುಲೆನ್ಸ್ ತಲುಪಿತು. ಹೊರಟ ಸಮಯ: ದಾಖಲೆ ಇಲ್ಲ.

ತಾಲೂಕಿನ ಬಗ್ಗೆ ಬರೆದ ಆ ಸಣ್ಣ ಟಿಪ್ಪಣಿಯನ್ನು ಬಿಡಬೇಡಿ. ನೀವು ಸೇರಿಸಿದ್ದು ಸರಿಯೇ ಇರಬಹುದು. ಆದರೂ ಸೇರಿಸಿದ್ದು ನೀವು ಎಂದು ಕಾಣಬೇಕು.

ಕೈಬಿಡುವ ಮೊದಲು

ವರದಿಯನ್ನು ಕೈಯಲ್ಲಿ ಹಿಡಿದು ರೆಕಾರ್ಡಿಂಗನ್ನು ಮೂರನೇ ಸಲ ಕೇಳಿ. ಈ ಸಲ ಕೆಲಸ ತಿರುಗಿಸಿ ಮಾಡಿ. ಕೇಳಿದ್ದು ವರದಿಯಲ್ಲಿದೆಯೇ ಎಂದು ನೋಡುವುದಲ್ಲ, ವರದಿಯ ಪ್ರತಿ ಸಾಲಿಗೆ ಕರೆಯಲ್ಲೋ ಲಾಗಿನಲ್ಲೋ ಆಧಾರ ಇದೆಯೇ ಎಂದು ನೋಡಿ. ಆಧಾರ ಸಿಗದ ಸಾಲನ್ನು ಹೊಡೆದು ಹಾಕಿ. ಸಾಧ್ಯವಾದರೆ ಆ ಊರೇ ಗೊತ್ತಿಲ್ಲದ ಒಬ್ಬರಿಗೆ ಜಾಗದ ಭಾಗ ಮಾತ್ರ ಓದಲು ಕೊಟ್ಟು, ಪೆರ್ಲದಿಂದ ದಾರಿಯನ್ನು ಕಾಗದದ ಮೇಲೆ ಗೀಚಲು ಹೇಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ವಾಕ್ಯ ಕುಂಟಿದೆ.

ಕರೆದವರ ಹೆಸರು, ಫೋನ್ ನಂಬರು ವರದಿಯ ಒಳಗಿನ ಪ್ರತಿಯಲ್ಲಿ ಮಾತ್ರ ಇರಲಿ. ರೆಕಾರ್ಡಿಂಗನ್ನು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ, "ಕೇಳಿ ಅರ್ಥ ಹೇಳಿ" ಎಂದು ಕೂಡ. ತುಳು ಬಲ್ಲವರು ಬೇಕಾದರೆ ಅವರನ್ನೇ ಕರೆಸಿ ಕೇಳಿಸಿ. ಆ ಹುಡುಗಿಯ ಅಳು ಊರ ಗುಂಪುಗಳಲ್ಲಿ ತಿರುಗಾಡಬಾರದು.

ಮರುದಿನ ಸುದ್ದಿ ಬರುತ್ತದೆ. ಸೆಕ್ಷನ್ ಕಚೇರಿಯವರು ಯಾವ ಲೈನ್ ಎಂದು ಹೇಳುತ್ತಾರೆ, ಆಸ್ಪತ್ರೆಯಿಂದ ಮಾಹಿತಿ ಸಿಗುತ್ತದೆ, ಮನೆಯ ಹೆಸರು ಗೊತ್ತಾಗುತ್ತದೆ. ಆಗ ಹಳೆಯ ಸಾಲುಗಳನ್ನು ಮುಟ್ಟಬೇಡಿ. "ವೋಲ್ಟೇಜ್ ಗೊತ್ತಿಲ್ಲ" ಎಂಬುದು ಆ ದಿನದ ಸತ್ಯ, ಅದು ಹಾಗೇ ಉಳಿಯಬೇಕು. ಕೆಳಗೆ ಒಂದು ಗೆರೆ ಎಳೆದು, "ಸೇರ್ಪಡೆ" ಎಂದು ಬರೆದು, ತಾರೀಕು, ಸಮಯ, ಯಾರು ಹೇಳಿದರು, ಯಾರು ಬರೆದರು ಇಷ್ಟನ್ನೂ ಹಾಕಿ ಹೊಸದನ್ನು ಬರೆಯಿರಿ.